ಬಾಂಡ್ ಪೇಪರ್ ನಂಬಿ ತಾಳಿಗೆ ಕೊರಳೊಡ್ಡಬೇಡಿ

“ಮೊದಲನೆಯವಳಿಂದ ಬಿಡುಗಡೆ ಪತ್ರ ಬರೆಸಿಕೊಂಡಿದ್ದೇನೆ” ಎಂದು ವರ ಬಾಂಡ್ ಪೇಪರ್ ತೋರಿಸಿದರೆ ಅಲ್ಲೇ ನಿಲ್ಲಿ, ತಂಗಿ. ಹಿಂದೂ ವಿವಾಹಗಳಲ್ಲಿ, ಸಾಬೀತಾದ ಕುಲಾಚಾರದ ಬಿಡುಗಡೆಯೊಂದನ್ನು ಬಿಟ್ಟರೆ, ಮದುವೆ ಮುರಿಯುವುದು ನ್ಯಾಯಾಲಯದ ಡಿಕ್ರಿಯಿಂದ ಮಾತ್ರ. ಪಂಚರ ಸಹಿಯಾಗಲಿ, ನೋಟರಿಯ ಮೊಹರಾಗಲಿ ಸಾಲದು.

ಮೊದಲ ಮದುವೆ ಉಳಿದಿರುವಾಗ ಆದ ಎರಡನೆಯದು 1955ರ ಹಿಂದೂ ವಿವಾಹ ಕಾಯ್ದೆಯಂತೆ ಅಸಿಂಧು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ, ಗಂಡ ತೀರಿಕೊಂಡ ದಿನ ನೀವು ಕಾನೂನಿನ ವಾರಸುದಾರರಲ್ಲ. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದ್ದರೆ ಜೀವನಾಂಶ ಕೇಳಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೊತ್ತಿದ್ದೂ ಮದುವೆಯಾದವರಿಗೆ ಆ ದಾರಿ ಬಲು ಕಷ್ಟ.

ಮಕ್ಕಳ ಮಾತು ಬೇರೆ. ಅದೇ ಕಾಯ್ದೆಯ 16ನೇ ಕಲಮಿನಂತೆ ಅವರು ಔರಸರೇ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಅವರ ಆಸ್ತಿ ಹಕ್ಕನ್ನು ಬಿಡಿಸಿ ಹೇಳಿತು. ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಮೂರು ಎಕರೆ ಬರುತ್ತಿತ್ತು ಎನ್ನಿ. ಉಯಿಲಿಲ್ಲದೆ ಸತ್ತರೆ, ಮೊದಲ ಹೆಂಡತಿ, ಅವಳ ಮಗ, ನಿಮ್ಮ ಮಗಳು ಮೂವರಿಗೂ ಒಂದೊಂದು ಎಕರೆ. ಆದರೆ ಅಜ್ಜ, ದೊಡ್ಡಪ್ಪಂದಿರ ಪಾಲಿನಲ್ಲಿ ಅವಳಿಗೆ ಹಕ್ಕಿಲ್ಲ. ನಿಮಗಂತೂ ಗುಂಟೆಯೂ ಇಲ್ಲ.

ಆದ್ದರಿಂದ ಮದುವೆಗೆ ಮೊದಲೇ ಡಿಕ್ರಿಯ ದೃಢೀಕೃತ ನಕಲು ಕೇಳಿ. ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂದು ವಕೀಲರಿಂದ ತಿಳಿದುಕೊಳ್ಳಿ. ಈಗಾಗಲೇ ಇಂಥ ಸಂಸಾರದಲ್ಲಿದ್ದರೆ, ಗಂಡನ ಸ್ವಂತ ಆಸ್ತಿಗೆ ನಿಮ್ಮ ಹೆಸರಿನಲ್ಲಿ ಉಯಿಲು ಬರೆಸಿ, ನೋಂದಾಯಿಸಿ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಸರಿಯಾಗಿದೆಯೇ ಎಂದು ಇವತ್ತೇ ತೆಗೆದು ನೋಡಿ.