ವಾರಾಂತ್ಯದ ನೂಕುನುಗ್ಗಲಿಗೆ ಎಷ್ಟು ಆಳು ಬೇಕು?

ಪ್ರಶ್ನೆ: ಸಕಲೇಶಪುರದ ಹತ್ತಿರ ಬೆಂಗಳೂರು–ಮಂಗಳೂರು ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು ಇದೆ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಸುಮಾರು 200 ಜನ ಬರುತ್ತಾರೆ. ಶುಕ್ರವಾರ 250, ಶನಿವಾರ 450, ಭಾನುವಾರ 500 ಆಗುತ್ತದೆ. ಒಂಬತ್ತು ಜನ ಖಾಯಂ ಕೆಲಸಗಾರರಿದ್ದಾರೆ. ವಾರದ ದಿನ ಅವರಲ್ಲಿ ಕೆಲವರು ಸುಮ್ಮನೆ ನಿಂತಿರುತ್ತಾರೆ, ಭಾನುವಾರ ಬೆಳಿಗ್ಗೆ ಗಿರಾಕಿಗಳು ಕಾದು ಕಾದು ಎದ್ದು ಹೋಗುತ್ತಾರೆ. ಇನ್ನೂ ಮೂವರನ್ನು ಖಾಯಂ ಆಗಿ ತೆಗೆದುಕೊಳ್ಳಲೇ, ಅರ್ಧ ದಿನದವರನ್ನು ಹುಡುಕಲೇ, ಅಥವಾ ಶನಿವಾರ, ಭಾನುವಾರಕ್ಕೆ ದಿನಗೂಲಿಯವರನ್ನು ಕರೆಯಲೇ?

ಉತ್ತರ: ಮೂವರನ್ನು ಖಾಯಂ ಮಾಡಿಕೊಳ್ಳಬೇಡಿ. ನಿಮ್ಮ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ವಾರದ ಒಟ್ಟು ಕೆಲಸಕ್ಕೆ ಈಗಿರುವ ಒಂಬತ್ತು ಜನವೇ ಸಾಕು ಎಂದು ಕಾಣುತ್ತದೆ. ಕೊರತೆ ಇರುವುದು ಎರಡು ದಿನದ ಬೆಳಗಿನ ಮೂರು ಗಂಟೆಯಲ್ಲಿ ಮಾತ್ರ.

ಹೋಟೆಲಿನ ಕೆಲಸವನ್ನು ಜನದ ಲೆಕ್ಕದಲ್ಲಿ ಅಳೆಯದೆ ಗಂಟೆಯ ಲೆಕ್ಕದಲ್ಲಿ ಅಳೆಯಬೇಕು. ಅದರಲ್ಲಿ ಎರಡು ಬಗೆಯಿದೆ. ಗಿರಾಕಿ ಬರಲಿ ಬಿಡಲಿ, ಬಾಗಿಲು ತೆರೆದು ಒಲೆ ಹಚ್ಚಬೇಕು, ಸಾಂಬಾರ್ ಇಳಿಸಬೇಕು, ಹಿಟ್ಟು ರುಬ್ಬಬೇಕು, ಗಲ್ಲಾದಲ್ಲಿ ಒಬ್ಬರು ಕೂರಬೇಕು, ರಾತ್ರಿ ಅಡುಗೆಮನೆ ತೊಳೆಯಬೇಕು. ನಿಮ್ಮಷ್ಟು ಗಾತ್ರದ ಹೋಟೆಲಿಗೆ ಇದು ದಿನಕ್ಕೆ 32 ಆಳುಗಂಟೆ ಎಂದು ಹಿಡಿಯುತ್ತೇನೆ. ಎರಡನೆಯದು ಗಿರಾಕಿಯ ಜೊತೆಗೇ ಏರಿಳಿಯುವ ಕೆಲಸ: ದೋಸೆ ಹುಯ್ಯುವುದು, ಸಪ್ಲೈ, ಪಾರ್ಸೆಲ್, ಮೇಜು ಒರೆಸುವುದು, ತಟ್ಟೆ ಲೋಟ ತೊಳೆಯುವುದು. ಹತ್ತು ಗಿರಾಕಿಗೆ ಒಂದು ಆಳುಗಂಟೆ ಎಂದಿಟ್ಟುಕೊಳ್ಳೋಣ. ಈ ಎರಡೂ ನನ್ನ ಅಂದಾಜು. ಎರಡು ವಾರ ಗಮನಿಸಿ ನಿಮ್ಮ ಅಂಕಿಯನ್ನು ನೀವೇ ತುಂಬಿಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಹೀಗೆ ನೋಡಿದರೆ ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ 52 ಗಂಟೆ ಬೇಕು, ಶುಕ್ರವಾರ 57, ಶನಿವಾರ 77, ಭಾನುವಾರ 82. ವಾರಕ್ಕೆ 424. ದಿನಕ್ಕೆ ಎಂಟು ಗಂಟೆಯಂತೆ ಆರು ದಿನ ದುಡಿಯುವ ಒಂಬತ್ತು ಜನರಿಂದ ಸಿಗುವುದು 432. ಹೆಚ್ಚೂಕಡಿಮೆ ಸರಿಹೊಂದುತ್ತದೆ.

ಹಾಗಾದರೆ ಭಾನುವಾರ ಯಾಕೆ ಎಡವುತ್ತೀರಿ? ಮೊದಲು ವಾರದ ರಜೆಯನ್ನು ನೋಡಿ. ಕೇಳಿದವರಿಗೆ ಕೇಳಿದ ದಿನ ರಜೆ ಕೊಡುವುದು ಸಣ್ಣ ಹೋಟೆಲುಗಳಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಮದುವೆ, ನಾಮಕರಣ ಎಂದು ರಜೆಯೆಲ್ಲ ಭಾನುವಾರಕ್ಕೇ ಬಂದು ಕೂರುತ್ತದೆ. ಒಂಬತ್ತು ಜನರ ರಜೆಯನ್ನೂ ಸೋಮವಾರದಿಂದ ಗುರುವಾರದೊಳಗೆ ಹಂಚಿ, ತಿಂಗಳ ಮೊದಲೇ ಬರೆದು ಗೋಡೆಗೆ ಅಂಟಿಸಿ. ಒಂದು ದಿನ ಮೂವರಿಗೆ, ಉಳಿದ ಮೂರು ದಿನ ಇಬ್ಬಿಬ್ಬರಿಗೆ. ಆಗ ಆ ನಾಲ್ಕು ದಿನಕ್ಕೆ ಸಿಗುವುದು 216 ಗಂಟೆ, ಬೇಕಿರುವುದು 208. ಶುಕ್ರ, ಶನಿ, ಭಾನುವಾರ ಒಂಬತ್ತೂ ಜನ ಇರುತ್ತಾರೆ, ಅಂದರೆ ದಿನಕ್ಕೆ 72 ಗಂಟೆ. ಶುಕ್ರವಾರ 15 ಗಂಟೆ ಮಿಗುತ್ತದೆ, ಶನಿವಾರ ಐದು ಸಾಲದು, ಭಾನುವಾರ ಹತ್ತು ಸಾಲದು. ಮನೆಯಲ್ಲಿ ಶುಭಕಾರ್ಯ ಇದ್ದವರಿಗೆ ವರ್ಷಕ್ಕೆ ಒಂದೆರಡು ಭಾನುವಾರ ಬಿಟ್ಟುಕೊಡಲೇಬೇಕು. ಅದನ್ನೂ ಮೊದಲೇ ಮಾತಾಡಿಕೊಂಡಿದ್ದರೆ ಶನಿವಾರ ರಾತ್ರಿ ಹೇಳದೆ ಊರಿಗೆ ಹೋಗುವ ಪ್ರಸಂಗ ಕಡಿಮೆಯಾಗುತ್ತದೆ.

ಶುಕ್ರವಾರ ಮಿಕ್ಕ ಹೊತ್ತಿನಲ್ಲಿ ಶನಿವಾರದ ಕೆಲಸ ತೆಗೆಯಿರಿ. ಬೇಳೆ, ಅಕ್ಕಿ ಆರಿಸಿಡುವುದು, ಸಾಂಬಾರ್ ಪುಡಿ ಕುಟ್ಟಿಸುವುದು, ಈರುಳ್ಳಿ ಸುಲಿಯುವುದು, ಸಕ್ಕರೆ ಕಾಫಿಪುಡಿ ತೂಗಿಡುವುದು, ಒಲೆ ಮತ್ತು ಗ್ರೈಂಡರ್ ತಿಕ್ಕುವುದು. ಶನಿವಾರದ ದೋಸೆ ಹಿಟ್ಟನ್ನು ಹೇಗೂ ಶುಕ್ರವಾರವೇ ರುಬ್ಬಬೇಕು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಹಿಟ್ಟು ಹುಳಿ ಬರುವುದು ತಡ, ಆದ್ದರಿಂದ ಜೂನ್ ನಂತರ ಮಧ್ಯಾಹ್ನವೇ ರುಬ್ಬಿ ಮುಗಿಸಿ. ಕಾಯಿಚಟ್ನಿ, ಆಲೂಗಡ್ಡೆ ಪಲ್ಯ ಮಾತ್ರ ಹಿಂದಿನ ದಿನ ಮಾಡಿಡಬಾರದು, ಕೆಡುತ್ತದೆ. ಇಷ್ಟು ಮಾಡಿದರೆ ಶನಿವಾರದ ಐದು ಗಂಟೆಯ ಕೊರತೆ ಕಾಗದದ ಮೇಲಾದರೂ ತೀರುತ್ತದೆ.

ಆದರೆ ಗಿರಾಕಿಗಳು ದಿನವಿಡೀ ಹಂಚಿಕೊಂಡು ಬರುವುದಿಲ್ಲ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟ ಕಾರುಗಳು ಸಕಲೇಶಪುರ ಮುಟ್ಟುವುದು ತಿಂಡಿಯ ಹೊತ್ತಿಗೆ. ಭಾನುವಾರದ 500 ಜನರಲ್ಲಿ ಅರ್ಧದಷ್ಟು ಎಂಟರಿಂದ ಹನ್ನೊಂದರೊಳಗೆ ಬರುತ್ತಾರೆಂದರೆ ಗಂಟೆಗೆ 83 ಗಿರಾಕಿ. ಅವರನ್ನು ನೋಡಿಕೊಳ್ಳಲು ಎಂಟು ಜನ, ಗಲ್ಲಾ ಮತ್ತು ಒಳಗಿನ ಅಡುಗೆಗೆ ಮೂವರು, ಒಟ್ಟು ಹನ್ನೊಂದು. ರಾತ್ರಿ ಬಾಗಿಲು ಹಾಕುವ ಪಾಳಿಯ ಇಬ್ಬರು ಆ ಹೊತ್ತಿಗೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ನಿಮ್ಮಲ್ಲಿ ಇರುವುದು ಏಳೇ ಜನ. ನಾಲ್ವರು ಕಡಿಮೆ, ಅದೂ ಮೂರು ಗಂಟೆಗೆ. ಶನಿವಾರ ಮೂವರು ಕಡಿಮೆ ಬೀಳುತ್ತಾರೆ. ಮಧ್ಯಾಹ್ನದ ಊಟಕ್ಕೆ ಎರಡೂ ಪಾಳಿಯವರು ಒಟ್ಟಿಗೆ ಸಿಗುವುದರಿಂದ ಅಷ್ಟು ಕಷ್ಟವಿಲ್ಲ.

ಇಲ್ಲಿ ಒಂದು ಪರೀಕ್ಷೆ ಮಾಡಲೇಬೇಕು. ಮುಂದಿನ ಭಾನುವಾರ ಒಂಬತ್ತು ಗಂಟೆಗೆ ಗಲ್ಲಾ ಬಿಟ್ಟು ಎದ್ದು ಬಂದು, ಕೆಲಸ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಿ. ಸಪ್ಲೈಯರುಗಳು ದೋಸೆ ಕಲ್ಲಿನ ಮುಂದೆ ಚೀಟಿ ಹಿಡಿದು ನಿಂತಿದ್ದರೆ ಎಷ್ಟು ಜನರನ್ನು ಸೇರಿಸಿದರೂ ಪ್ರಯೋಜನವಿಲ್ಲ. ಕಲ್ಲಿನ ಮೇಲೆ ಒಮ್ಮೆಗೆ ಹಿಡಿಯುವಷ್ಟು ದೋಸೆಯೇ ಬರುವುದು, ಹಾಗಾಗಿ ನಿಮಗೆ ಬೇಕಿರುವುದು ಎರಡನೇ ಕಲ್ಲು, ಇಲ್ಲವೇ ಆ ಮೂರು ಗಂಟೆ ಇಡ್ಲಿ, ವಡೆ, ಪೂರಿ, ಉಪ್ಪಿಟ್ಟನ್ನು ಮುಂದೆ ಮಾಡುವ ತಿಂಡಿಪಟ್ಟಿ. ದೋಸೆ ಸಿದ್ಧವಿದ್ದು ತಟ್ಟೆ ಇಲ್ಲದೆ ನಿಂತಿದ್ದರೆ ಕೊರತೆ ತೊಳೆಯುವ ಕಟ್ಟೆಯಲ್ಲಿದೆ. ತಿಂಡಿ ಸಿದ್ಧವಿದೆ, ತಟ್ಟೆಯೂ ಇದೆ, ಎಂಜಲು ಮೇಜುಗಳು ಹಾಗೇ ಬಿದ್ದಿವೆ ಎಂದಾದರೆ ಮಾತ್ರ ಹೊರಗಿನ ಕೆಲಸಕ್ಕೆ ಆಳು ಸಾಲದು ಎಂದರ್ಥ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಬಹಳ ಮಾಲೀಕರು ಮೂರಕ್ಕೂ ಸಪ್ಲೈಯರನ್ನೇ ಹುಡುಕುತ್ತಾರೆ.

ಕೊರತೆ ಆಳಿನದೇ ಎಂದು ಖಚಿತವಾದರೆ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆಯವರೆಗೆ ಮೂವರು ಅರೆಕಾಲಿಕರು, ಭಾನುವಾರ ಮಾತ್ರ ಪಾತ್ರೆಗೆ ಒಬ್ಬರು ದಿನಗೂಲಿಯವರು ಎಂದು ನಾನು ಹೇಳುತ್ತೇನೆ. ಖಾಯಂ ಕೆಲಸಗಾರರಿಗೆ ತಿಂಗಳಿಗೆ 15,000 ಕೊಡುತ್ತೀರಿ ಎಂದುಕೊಂಡರೆ ಗಂಟೆಗೆ 72 ರೂಪಾಯಿ ಬೀಳುತ್ತದೆ, ಊಟ ವಸತಿ ಸೇರಿದರೆ ಇನ್ನೂ ಹೆಚ್ಚು. ಅರೆಕಾಲಿಕರಿಗೆ ಗಂಟೆಗೆ 100 ಕೊಡಿ. ಬರೀ ನಾಲ್ಕು ಗಂಟೆಗೆಂದು ಬಂದು ಹೋಗುವವರಿಗೆ ಖಾಯಂ ದರವೇ ಕೊಟ್ಟರೆ ಎರಡನೇ ವಾರ ಬರುವುದಿಲ್ಲ. ಹಾಗಿದ್ದೂ ಮೂವರಿಗೆ ತಿಂಗಳಿಗೆ ಆಗುವುದು ಸುಮಾರು 10,400. ಪಾತ್ರೆಯವರಿಗೆ ದಿನಕ್ಕೆ 600ರಂತೆ 2,600. ಒಟ್ಟು 13,000. ನೀವು ಯೋಚಿಸಿದ್ದ ಮೂವರು ಖಾಯಂ ಜನರಿಗೆ ಸಂಬಳವೇ 45,000 ಆಗುತ್ತಿತ್ತು, ಅವರ ಸೋಮವಾರ ಮಂಗಳವಾರವೆಲ್ಲ ಖಾಲಿ ಹೋಗುತ್ತಿತ್ತು. ದರ ಗೊತ್ತುಮಾಡುವ ಮೊದಲು ಹೋಟೆಲ್ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನವನ್ನು ಒಮ್ಮೆ ನೋಡಿಕೊಳ್ಳಿ. ಇರುವವರಿಂದಲೇ ಹೆಚ್ಚು ಹೊತ್ತು ದುಡಿಸುವ ಯೋಚನೆಯಿದ್ದರೆ, ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು ಎಂಬುದು ನೆನಪಿರಲಿ.

ವಾರಾಂತ್ಯಕ್ಕೆ ಪೂರ್ತಿ ದಿನಗೂಲಿಯವರನ್ನೇ ನೆಚ್ಚಿಕೊಳ್ಳಬೇಡಿ ಎನ್ನಲು ನಿಮ್ಮ ಊರೇ ಕಾರಣ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಕೂಲಿಗೆ ಸಿಗುವ ಕೈಗಳೆಲ್ಲ ತೋಟದಲ್ಲಿರುತ್ತವೆ. ಪ್ರವಾಸಿಗರು ತುಂಬಿ ತುಳುಕುವ ಡಿಸೆಂಬರ್ ಕೊನೆಯ ವಾರವೂ ಅದರೊಳಗೇ ಬರುತ್ತದೆ. ಇನ್ನೊಂದು ಕಾರಣ ಆರೋಗ್ಯದ್ದು. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಿರಬೇಕು, ಟೈಫಾಯ್ಡ್‌ನಂಥ ಕಾಯಿಲೆಗೆ ಲಸಿಕೆ ಆಗಿರಬೇಕು ಎಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕರೆತಂದು ಚಟ್ನಿ ಬಡಿಸಲು ನಿಲ್ಲಿಸಿದರೆ ಅದು ಯಾವುದೂ ಆಗಿರುವುದಿಲ್ಲ. ಅವರಿಗೆ ಪಾತ್ರೆ, ನೆಲ, ಮೂಟೆ ಇಳಿಸುವ ಕೆಲಸ ಇರಲಿ. ಅರೆಕಾಲಿಕರು ವಾರ ವಾರ ಬರುವ ಅವೇ ಮೂವರಾದ್ದರಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಫೈಲಿನಲ್ಲಿಡಬಹುದು. ಅವರಿಗೆ ಕಾಫಿ, ಪಾರ್ಸೆಲ್, ಮೇಜು ಒಪ್ಪಿಸಿ. ದೋಸೆ ಕಲ್ಲು, ಸಾಂಬಾರು ಖಾಯಂ ಭಟ್ಟರ ಕೈಯಲ್ಲೇ ಇರಲಿ, ಯಾಕೆಂದರೆ ವಾರಕ್ಕೆರಡು ದಿನ ಬರುವವರ ಕೈಗೆ ಕೊಟ್ಟರೆ ರುಚಿ ನಿಲ್ಲುವುದಿಲ್ಲ.

ಅರೆಕಾಲಿಕರು ಯಾರು? ಪದವಿ ಓದುವ ಹುಡುಗ ಹುಡುಗಿಯರು, ಹತ್ತಿರದ ಮನೆಗಳ ಹೆಂಗಸರು. ಹದಿನೆಂಟು ತುಂಬಿದವರನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳಿಗೆ ಪರೀಕ್ಷೆ ಒಟ್ಟಿಗೇ ಬರುವುದರಿಂದ ಮೂವರೂ ಒಂದೇ ಕಾಲೇಜಿನವರಾಗುವುದು ಬೇಡ. ಇನ್ನೊಂದು ಮಾತನ್ನು ಮೊದಲೇ ಬರೆದುಕೊಳ್ಳಿ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದದ್ದು ನಿಮಗೆ ಗೊತ್ತೇ ಇದೆ. ಅಂಥ ವಾರ ನಿಮ್ಮಲ್ಲಿ ಗಿರಾಕಿಯೇ ಇರುವುದಿಲ್ಲ. ಬರಬೇಡಿ ಎಂದು ಗುರುವಾರ ಸಂಜೆಯೊಳಗೆ ಹೇಳಿದರೆ ಸರಿ, ಆಮೇಲೆ ಹೇಳಿದರೆ ಎರಡು ಗಂಟೆಯ ಕೂಲಿ ನಿಮ್ಮ ಕಡೆಯಿಂದ ಎಂದು ಒಪ್ಪಂದ ಇರಲಿ. ಅವರೂ ಬೇರೆಲ್ಲ ಬಿಟ್ಟು ನಿಮಗಾಗಿ ಆ ಬೆಳಗನ್ನು ಕಾದಿಟ್ಟಿರುತ್ತಾರೆ.

ಇಎಸ್‌ಐ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿಗೆ ಅದು ಅನ್ವಯಿಸುತ್ತದೆ, ಎಣಿಕೆಯಲ್ಲಿ ದಿನಗೂಲಿ, ಅರೆಕಾಲಿಕ ಎಲ್ಲರೂ ಸೇರುತ್ತಾರೆ. ಒಂಬತ್ತರಲ್ಲಿದ್ದ ನೀವು ಭಾನುವಾರ ಹದಿಮೂರಾಗುತ್ತೀರಿ. ಅರೆಕಾಲಿಕರ ಹೆಸರು ಹಾಜರಿ ಪುಸ್ತಕದಲ್ಲಿ ಬರೆಯದೆ ತಪ್ಪಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟಾರು, ಕೇಳಬೇಡಿ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಮಾಲೀಕರ ಪಾಲು ಶೇ. 3.25, ಕೆಲಸಗಾರರದು ಶೇ. 0.75. 15,000 ಸಂಬಳಕ್ಕೆ ನಿಮ್ಮ ಪಾಲು 487 ರೂಪಾಯಿ 50 ಪೈಸೆ. ಎಲ್ಲರದೂ ಸೇರಿ ತಿಂಗಳಿಗೆ ಐದು ಸಾವಿರದೊಳಗೆ ಮುಗಿಯುತ್ತದೆ. ಕುದಿಯುವ ಎಣ್ಣೆ, ಜಾರುವ ನೆಲ, ಹಬೆಯ ನಡುವೆ ದಿನ ಕಳೆಯುವವರಿಗೆ ಆಸ್ಪತ್ರೆಯ ಖರ್ಚು, ಗಾಯವಾದ ದಿನಗಳ ಭತ್ಯೆ ಅದರಿಂದ ಸಿಗುತ್ತದೆ. ಇದನ್ನು ಸೇರಿಸಿದರೂ ನಿಮ್ಮ ಹೆಚ್ಚುವರಿ ಖರ್ಚು 18,000ದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಈ ಏರ್ಪಾಡನ್ನು ಎರಡು ತಿಂಗಳು ನಡೆಸಿ ನೋಡಿ. ಚೀಟಿ ಹರಿದ ಹೊತ್ತಿಗೂ ತಟ್ಟೆ ಮೇಜಿಗೆ ಬಂದ ಹೊತ್ತಿಗೂ ನಡುವೆ ಎಷ್ಟು ನಿಮಿಷ ಎಂದು ಪ್ರತಿ ಭಾನುವಾರ ಹತ್ತಾರು ಚೀಟಿಗೆ ಬರೆದಿಡಿ. ಅದು ಇಳಿಯದಿದ್ದರೆ ತೊಡಕು ಕಲ್ಲಿನಲ್ಲಿದೆ, ಆಳಿನಲ್ಲಿಲ್ಲ. ಒಂಬತ್ತರಲ್ಲಿ ಯಾರಾದರೂ ತಾವಾಗಿ ಕೆಲಸ ಬಿಟ್ಟರೆ ಕೂಡಲೇ ಆ ಜಾಗ ತುಂಬಬೇಡಿ. ಎಂಟು ಜನರಿಂದ ಸೋಮವಾರ–ಗುರುವಾರ ಸಿಗುವುದು 192 ಗಂಟೆ, ಕೊರತೆ 16. ನಿಮ್ಮ ಅರೆಕಾಲಿಕರಲ್ಲಿ ಒಬ್ಬರು ಆ ನಾಲ್ಕು ದಿನವೂ ಬೆಳಿಗ್ಗೆ ನಾಲ್ಕು ಗಂಟೆ ಬರಲು ಒಪ್ಪಿದರೆ ಅದು ಅಲ್ಲಿಗೆ ತುಂಬುತ್ತದೆ. ಶನಿವಾರ, ಭಾನುವಾರಕ್ಕೆ ಆಗ ನಾಲ್ಕನೆಯವರೊಬ್ಬರು ಬೇಕಾಗುತ್ತಾರೆ. ಬಿಟ್ಟವರು ದೋಸೆ ಭಟ್ಟರೇ ಆಗಿದ್ದರೆ ಮಾತ್ರ ಈ ಮಾತು ನಡೆಯದು, ಆ ಜಾಗಕ್ಕೆ ಖಾಯಂ ಆಳನ್ನೇ ತನ್ನಿ.