ಮನೆಯ ಜಮಾ-ಖರ್ಚು ಬ್ಯಾಂಕಿನ ಲೆಕ್ಕದೊಡನೆ ತಾಳೆಯಾಗದಿದ್ದಾಗ



ತೋಟದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುವ ನಾವು ಮನೆಯ ಲೆಕ್ಕದಲ್ಲಿ ತಿಂಗಳ ಕೊನೆಗೆ ವ್ಯತ್ಯಾಸ ಕಂಡರೆ ‘ಇತರೆ ಖರ್ಚು’ ಎಂದು ಬರೆದು ಪುಸ್ತಕ ಮುಚ್ಚುವುದುಂಟು. ಹಾಗೆ ಮಾಡಿದರೆ ಬ್ಯಾಂಕಿನಿಂದ ಬರಬೇಕಾದ ಹಣವೂ ಆ ಎರಡು ಪದಗಳ ಕೆಳಗೆ ಮುಚ್ಚಿಹೋಗಬಹುದು. ತಾಳೆ ನೋಡುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಒಂದು ಮನೆಯಲ್ಲಿ ಜನವರಿ 1ರಂದು ಬ್ಯಾಂಕಿನಲ್ಲಿ ರೂ. 18,000, ಫೋನಿನ ವ್ಯಾಲೆಟ್‌ನಲ್ಲಿ ರೂ. 600, ಕೈಯಲ್ಲಿ ರೂ. 3,400 ಇತ್ತು, ಒಟ್ಟು ಆರಂಭದ ಶಿಲ್ಕು ರೂ. 22,000. ಅಡಿಕೆ ಮಾರಿದ ಬಾಬ್ತು ರೂ. 30,000 ಬ್ಯಾಂಕಿಗೆ ಜಮೆಯಾಯಿತು. ಪುಸ್ತಕದಲ್ಲಿ ಬರೆದ ಖರ್ಚು ರೂ. 31,500. ಆದ್ದರಿಂದ ಪುಸ್ತಕದ ಪ್ರಕಾರ ಉಳಿಯಬೇಕಾದದ್ದು ರೂ. 20,500.

31ರ ರಾತ್ರಿ ನೋಡಿದರೆ ಬ್ಯಾಂಕಿನಲ್ಲಿ ರೂ. 20,510, ವ್ಯಾಲೆಟ್‌ನಲ್ಲಿ ರೂ. 950, ಎಣಿಸಿದ ನಗದು ರೂ. 2,900, ಒಟ್ಟು ರೂ. 24,360. ಪುಸ್ತಕಕ್ಕಿಂತ ರೂ. 3,860 ಹೆಚ್ಚು! ಮೂರನ್ನೂ ಒಂದೇ ಹೊತ್ತಿನಲ್ಲಿ ನೋಡಬೇಕು. ನಗದನ್ನು ಮರುದಿನ ಸಂತೆಯಿಂದ ಬಂದ ಮೇಲೆ ಎಣಿಸಿದರೆ ಲೆಕ್ಕ ಎಂದಿಗೂ ಕೂಡುವುದಿಲ್ಲ.

ಈಗ ರೂ. 3,860ರ ಒಂದು ಬಾಬನ್ನು ಹುಡುಕುತ್ತ ಕೂರಬಾರದು. ಅಂಥ ಬಾಬು ಎಲ್ಲಿಯೂ ಇರಲಾರದು. ವ್ಯತ್ಯಾಸವೆಂಬುದು ಸಾಮಾನ್ಯವಾಗಿ ಹಲವು ಕಾರಣಗಳು ಕೂಡಿ ಕಳೆದು ಉಳಿದದ್ದು. ಆದ್ದರಿಂದ ಬ್ಯಾಂಕಿನ ಪಟ್ಟಿಯ ಒಂದೊಂದು ಸಾಲನ್ನೂ ಪುಸ್ತಕದ ಸಾಲಿಗೆ ಹೊಂದಿಸಿ, ಎರಡೂ ಕಡೆ ಇದ್ದುದಕ್ಕೆ ಗುರುತು ಹಾಕುತ್ತ ಹೋಗಬೇಕು. ಗುರುತು ಬೀಳದೆ ಉಳಿದವುಗಳಲ್ಲೇ ಉತ್ತರವಿದೆ.

ಮೊದಲು ಬ್ಯಾಂಕಿನ ಕಡೆ. ಶಾಲೆಯ ಶುಲ್ಕಕ್ಕೆ ಕೊಟ್ಟ ರೂ. 4,500ರ ಚೆಕ್ಕು ಪುಸ್ತಕದಲ್ಲಿದೆ, ಪಟ್ಟಿಯಲ್ಲಿಲ್ಲ. ಶಾಲೆಯವರು ಅದನ್ನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಆ ಹಣ ನಮ್ಮದಲ್ಲ, ಕಳೆಯಬೇಕು. ಚೆಕ್ಕು ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ಚಾಲ್ತಿ ಎಂಬುದು ನೆನಪಿರಲಿ.

ಇನ್ನೊಂದು, ಮನೆಗೆಲಸಕ್ಕಿದ್ದು ಊರಿಗೆ ಹೋದ ರಾಯಚೂರು ಜಿಲ್ಲೆಯ ಮಲ್ಲಟದ ಹೆಣ್ಣುಮಗಳಿಗೆ 31ರಂದು ಯುಪಿಐ ಮೂಲಕ ಕಳಿಸಿದ ಬಾಕಿ ಸಂಬಳ ರೂ. 3,000. ಮೊದಲ ಸಲ ಪಾವತಿ ವಿಫಲವೆಂದು ಬಂತು, ಆದರೂ ಖಾತೆಯಿಂದ ಹಣ ಕಡಿತವಾಯಿತು. ಎರಡನೆಯ ಸಲ ಆಕೆಗೆ ತಲುಪಿತು. ಪುಸ್ತಕದಲ್ಲಿ ಒಂದು ಸಾಲು, ಪಟ್ಟಿಯಲ್ಲಿ ಎರಡು. ಎರಡಕ್ಕೂ ಹನ್ನೆರಡು ಅಂಕಿಯ ಬೇರೆ ಬೇರೆ ಉಲ್ಲೇಖ ಸಂಖ್ಯೆ ಇರುವುದರಿಂದ ಯಾವುದು ವಿಫಲವೆಂದು ಗುರುತಿಸಬಹುದು. ಈ ರೂ. 3,000 ನಮಗೆ ಬರಬೇಕಾದದ್ದು, ಕೂಡಿಸಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯಕ್ತಿಗೆ ಕಳಿಸಿದ ಇಂಥ ಹಣ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ ರೂ. 100 ಪರಿಹಾರ. ಆದ್ದರಿಂದ ಫೆಬ್ರವರಿ ಪಟ್ಟಿಯಲ್ಲಿ ಇದನ್ನೇ ಮೊದಲು ನೋಡಬೇಕು. ಪಾವತಿ ‘ಬಾಕಿ’ ಎಂದಷ್ಟೇ ತೋರಿಸುತ್ತಿದ್ದರೆ ಅದು ಆಮೇಲೆ ತಲುಪಲೂಬಹುದು. ಆಗ ಎರಡನೆಯ ಸಲ ಕಳಿಸುವ ಆತುರ ಬೇಡ.

ಹೀಗೆ 24,360ರಲ್ಲಿ 4,500 ಕಳೆದು 3,000 ಕೂಡಿಸಿದರೆ ರೂ. 22,860. ಇದು ನಿಜವಾದ ಶಿಲ್ಕು.

ಈಗ ಪುಸ್ತಕದ ಕಡೆ. ಬ್ಯಾಂಕಿನಿಂದ ವ್ಯಾಲೆಟ್‌ಗೆ ತುಂಬಿಸಿದ ರೂ. 2,000ವನ್ನು ಖರ್ಚೆಂದು ಬರೆದಿದೆ. ಅದೇ ವ್ಯಾಲೆಟ್‌ನಿಂದ ಕೊಟ್ಟ ದಿನಸಿಯ ಹಣವನ್ನೂ ಖರ್ಚೆಂದು ಬರೆದಿದೆ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ್ದು ಖರ್ಚಲ್ಲ. ಎಟಿಎಂನಿಂದ ತೆಗೆದ ನಗದಿಗೂ ಇದೇ ಮಾತು. ಯುಪಿಐ ಮೂಲಕ ನೇರವಾಗಿ ಖಾತೆಯಿಂದ ಹೋದದ್ದು ಬ್ಯಾಂಕಿನ ಪಟ್ಟಿಯಲ್ಲೇ ಸಿಗುತ್ತದೆ. ವ್ಯಾಲೆಟ್‌ನ ಖರ್ಚಾದರೆ ಅಲ್ಲಿ ತುಂಬಿಸಿದ ಮೊತ್ತ ಮಾತ್ರ ಕಾಣುತ್ತದೆ, ವಿವರಕ್ಕೆ ವ್ಯಾಲೆಟ್‌ನ ಪಟ್ಟಿಯನ್ನೇ ನೋಡಬೇಕು. ಎರಡು ಸಲ ಬಿದ್ದ ರೂ. 2,000 ಸರಿಪಡಿಸಿದರೆ ಪುಸ್ತಕದ ಶಿಲ್ಕು ರೂ. 22,500.

ಉಳಿದದ್ದು ರೂ. 360. ಇದು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉಳಿದ ವ್ಯತ್ಯಾಸ ಹೀಗೆ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸಬೇಕು. ಹುಡುಕಿದಾಗ ವಿದ್ಯುತ್ ಬಿಲ್ಲು ರೂ. 1,260 ಇದ್ದದ್ದು ಪುಸ್ತಕದಲ್ಲಿ 1,620 ಎಂದಿತ್ತು. ಈಗ ಎರಡು ಕಡೆಯೂ ರೂ. 22,860.

ಒಂಬತ್ತರ ಈ ಪರೀಕ್ಷೆ ಸುಳಿವು ಮಾತ್ರ, ಸಾಕ್ಷಿಯಲ್ಲ. ಬಿಲ್ಲು ಕಂಡ ಮೇಲೆಯೇ ತಿದ್ದಬೇಕು. ನಗದಿನಲ್ಲಿ ಕೊಟ್ಟು ಬರೆಯದೆ ಬಿಟ್ಟ ಹಣ ಯಾವ ಪಟ್ಟಿಯಲ್ಲೂ ಸಿಗದು. ಕೊನೆಗೂ ಅಂಥದ್ದು ಉಳಿದರೆ ‘ಗೊತ್ತಾಗದ ನಗದು’ ಎಂದು ಮೊತ್ತ ಸಹಿತ ಬರೆದಿಡುವುದು ಲೇಸು. ಚೆಕ್ಕು ಮತ್ತು ಮರಳಬೇಕಾದ ಹಣ, ಈ ಎರಡನ್ನೂ ಫೆಬ್ರವರಿ ಪುಟದ ತಲೆಯಲ್ಲಿ ಬರೆದುಕೊಂಡರೆ ಮುಂದಿನ ತಿಂಗಳ ತಾಳೆ ಅಲ್ಲಿಂದಲೇ ಆರಂಭವಾಗುತ್ತದೆ.