ಆಡಳಿತ ಮಂಡಳಿಗೆ ಪತ್ರ ಬರೆಯುವ ಮುನ್ನ

ರೋಣ, ನರಗುಂದ, ಗಜೇಂದ್ರಗಡದ ಸಹಕಾರಿ ಸಂಘಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರೇ, ಪಾಸ್‌ವರ್ಡ್ ಜೊತೆಗೆ ಎರಡನೇ ದೃಢೀಕರಣಕ್ಕೆ ಹಣ ಕೇಳುವಾಗ ‘ಭದ್ರತೆ ಮುಖ್ಯ’ ಎಂದಷ್ಟೇ ಬರೆಯಬೇಡಿ. ಅಂಥ ಅರ್ಜಿ ಮುಂದಿನ ಸಭೆಗೆ ಹೋಗುತ್ತದೆ, ಅಷ್ಟೇ.

2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕಳ್ಳರು ನುಗ್ಗಿದ್ದು ಯಾರೂ ಬಳಸದ ಒಂದು ವಿಪಿಎನ್ ಖಾತೆಯಿಂದ. ಪಾಸ್‌ವರ್ಡ್ ಸೋರಿತ್ತು, ಎರಡನೇ ತಪಾಸಣೆ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್ ತೆತ್ತಿತು. ಇದನ್ನು ತಿಳಿಸಿ, ನಿಮ್ಮಲ್ಲಿ ಹೊರಗಿನಿಂದ ಲಾಗಿನ್ ಆಗುವ ಖಾತೆಗಳನ್ನು ಎಣಿಸಿ ಕೊಡಿ.

ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ಉಚಿತವಾಗಿಯೇ ಸಿಗುತ್ತದೆ. ಆದರೆ ನಕಲಿ ಪುಟದಲ್ಲಿ ಅದರ ಕೋಡ್ ಹಾಕಿದರೆ ಅದೂ ಕಳ್ಳರ ಪಾಲು. ಈ ಮಿತಿಯನ್ನು ಮುಚ್ಚಿಡಬೇಡಿ. ಅದಕ್ಕಾಗಿಯೇ ಅಡ್ಮಿನ್ ಖಾತೆಗಳಿಗಷ್ಟೇ ಯುಎಸ್‌ಬಿ ಭದ್ರತಾ ಕೀಲಿ ಕೇಳಿ, ತಲಾ ಎರಡು. ಒಂದು ಕಳೆದ ದಿನ ಸಂಘದ ಕೆಲಸ ನಿಲ್ಲಬಾರದಲ್ಲ!